ಒಂದು ಗ್ಲಾಸು ಮಳೆನೀರು, ಒಂದು ಹೆಂಟೆ ಎರೆಮಣ್ಣು

ವಿಜಯಪುರ ಜಿಲ್ಲೆಯ ನಮ್ಮ ಹೊಲ ಡೋಣಿ ನದಿಯ ಕಡೆಗೆ ಇಳಿಜಾರಾಗಿ ಇಳಿಯುತ್ತದೆ. ಮೇಲಿನ ಭಾಗಕ್ಕೆ ನಾವು ಮಡ್ಡಿ ಎನ್ನುತ್ತೇವೆ. ಅಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಗರಸು. ಕೆಳಗಿನ ಭಾಗ ಎರೆ. ಎರೆಯ ನಡುವೆ ಮುತ್ಯಾನ ಕಾಲದ ಒಂದು ಬಾವಿ ಇದೆ. ಈಗ ಅದರಲ್ಲಿ ನೀರಿಗಿಂತ ಹುಲ್ಲೇ ಹೆಚ್ಚು. ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ರಜೆಗೆ ಊರಿಗೆ ಹೋದಾಗ, ನಾನು ಅದರ ಮೆಟ್ಟಿಲ ಮೇಲೆ ಕುಳಿತು ಗೋಡೆ ನೋಡುತ್ತಿದ್ದೆ. ಅಪ್ಪ ಬಂದು, “ಅಲ್ಲೇನ್ ನೋಡಾಕತ್ತೀಯವ್ವಾ, ಹಾವು ಗೀವು ಇದ್ದಾವು” ಎಂದ. ನಾನು ಮಣ್ಣು ಹುಟ್ಟುವುದನ್ನು ನೋಡುತ್ತಿದ್ದೆ ಎಂದು ಹೇಳಲು ಯಾಕೋ ನಾಚಿಕೆಯಾಯಿತು.

ಬಾವಿಯ ತಳದಲ್ಲಿ ಕರಿಕಲ್ಲು. ಅದೇ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರುಕುಬಿಟ್ಟು, ಒಂದರ ಮೇಲೊಂದು ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಮಹಾರಾಷ್ಟ್ರದ ಬಹುಭಾಗ ಅದರ ಮೇಲಿದ್ದರೆ, ನಮ್ಮ ಜಿಲ್ಲೆ ಆ ಹೊದಿಕೆಯ ದಕ್ಷಿಣದ ಅಂಚಿಗೆ ಹತ್ತಿರ. ಬಂಡೆಯ ಮೇಲೆ ದುಂಡು ಗುಂಡುಗಳಿದ್ದವು. ಉಗುರಿನಿಂದ ಕೆದರಿದರೆ ಉಳ್ಳಾಗಡ್ಡಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತಿದ್ದವು. ಲಾವಾ ಆರುವಾಗ ಕುಗ್ಗಿ ಸೀಳುಗಳಾಗುತ್ತವೆ. ಆ ಸೀಳುಗಳಿಂದ ಇಳಿದ ನೀರು ಚೌಕಾದ ತುಂಡಿನ ಮೂಲೆಗಳನ್ನು ಮೂರು ಕಡೆಯಿಂದ ತಿನ್ನುತ್ತದೆ, ಮುಖವನ್ನು ಒಂದೇ ಕಡೆಯಿಂದ. ಅದಕ್ಕೇ ಮೂಲೆ ಮೊದಲು ಸವೆದು ಕಲ್ಲು ದುಂಡಾಗುತ್ತದೆ. ಗುಂಡುಗಳ ಮೇಲೆ ಗರಸು, ಅದರ ಮೇಲೆ ಸುಣ್ಣದ ಹರಳು ಬೆರೆತ ಮಣ್ಣು, ಎಲ್ಲಕ್ಕೂ ಮೇಲೆ ಆಳೆತ್ತರದ ಅಪ್ಪಟ ಎರೆ.

ಇಷ್ಟೂ ಎರೆ ಅಲ್ಲೇ ಹುಟ್ಟಿದ್ದಲ್ಲ. ಮಡ್ಡಿಯಲ್ಲಿ ಹುಟ್ಟಿದ ಜೇಡಿಯನ್ನು ಮಳೆ ಸಾವಿರಾರು ವರ್ಷ ಕೆಳಗಿಳಿಸಿ ಇಲ್ಲಿ ಪೇರಿಸಿದೆ. ಮಡ್ಡಿ ಬಡವಾದದ್ದಕ್ಕೇ ಎರೆ ಶ್ರೀಮಂತವಾಗಿದೆ.

ಕಲ್ಲು ಮಣ್ಣಾಗುವ ಕೆಲಸ ಮಾಡುವುದು ಸಪ್ಪೆ ಹುಳಿಯಂಥ ನೀರು. ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಅದು ಬಸಾಲ್ಟಿನೊಳಗಿನ ಗಾಜಿನಂಥ ಭಾಗವನ್ನು ಮೊದಲು ಒಡೆಯುತ್ತದೆ, ಆಮೇಲೆ ಬಿಳಿ ಪ್ಲೇಜಿಯೋಕ್ಲೇಸ್ ಮತ್ತು ಕಪ್ಪು ಪೈರಾಕ್ಸಿನ್ ಹರಳುಗಳನ್ನು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕಬ್ಬಿಣ ಬಿಡುಗಡೆಯಾಗುತ್ತವೆ. ಗ್ರಾನೈಟ್ ಕೊಳೆತರೆ ಅದರ ಬೆಣಚುಕಲ್ಲು ಕರಗದೆ ಮರಳಾಗಿ ಉಳಿಯುತ್ತದೆ. ಬಸಾಲ್ಟಿನಲ್ಲಿ ಹಾಗೆ ಉಳಿಯುವಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದರ ಬಹುಪಾಲು ಜೇಡಿಯೇ ಆಗುತ್ತದೆ.

ಯಾವ ಜೇಡಿ ಎನ್ನುವುದನ್ನು ಮಳೆ ತೀರ್ಮಾನಿಸುತ್ತದೆ. ಬೀದರಿಗೆ ಹೋದವರು ಕೋಟೆಯ ಕೆಳಗಿನ ಕೆಂಪು ಜಂಬಿಟ್ಟಿಗೆಯನ್ನು ನೋಡಿರುತ್ತಾರೆ. ಅದರ ಕೆಳಗಿರುವುದೂ ಇದೇ ಬಸಾಲ್ಟ್. ಹಿಂದೆಂದೋ ಹೆಚ್ಚು ಮಳೆಯ ಕಾಲದಲ್ಲಿ ಸಿಲಿಕಾ, ಕ್ಯಾಲ್ಸಿಯಂ ಎಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದು ಅಲ್ಲಿ ಕೆಂಪಾಯಿತು. ನಮ್ಮಲ್ಲಿ ತೊಳೆಯುವಷ್ಟು ಮಳೆಯಿಲ್ಲ. ಸಿಲಿಕಾ, ಮೆಗ್ನೀಸಿಯಂ ಅಲ್ಲೇ ಉಳಿದು ಸ್ಮೆಕ್ಟೈಟ್ ಎಂಬ ಜೇಡಿಯಾಗುತ್ತವೆ. ಅದರ ತೆಳು ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನೊಳಗೆ ಚಿಕ್ಕವಳಿದ್ದಾಗ ನಾನು ಕೈಯನ್ನು ಭುಜದವರೆಗೆ ಇಳಿಸುತ್ತಿದ್ದೆ. ಆ ಹಾಳೆಗಳ ಮೈಮೇಲೆ ಕ್ಯಾಲ್ಸಿಯಂ, ಪೊಟ್ಯಾಸಿಯಂನಂಥ ಆಹಾರ ಅಂಟಿಕೊಂಡಿರುತ್ತದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬರದಿದ್ದರೂ, ಜೇಡಿ ಹಿಡಿದಿಟ್ಟ ತೇವದ ಮೇಲೆಯೇ ತೆನೆ ಕಟ್ಟುತ್ತದೆ.

ಕಪ್ಪು ಬಣ್ಣ ಕಂಡು ಬಹಳ ಗೊಬ್ಬರದ ಅಂಶವಿದೆ ಎಂದುಕೊಂಡಿದ್ದೆ. ಪ್ರಯೋಗಾಲಯದಲ್ಲಿ ನಮ್ಮ ಹೊಲದ ಮಣ್ಣಿನ ಸಾವಯವ ಇಂಗಾಲ ಶೇಕಡಾ 1ಕ್ಕೂ ಕಡಿಮೆ ಬಂದಾಗ, ತೂಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅಷ್ಟೇ ಬಂತು. ಇರುವ ಅಲ್ಪವೇ ಜೇಡಿಗೆ ಬಿಗಿಯಾಗಿ ಅಂಟಿ ಕಪ್ಪಾಗಿ ಕಾಣುತ್ತದೆ. ಸಾರಜನಕ ನಮ್ಮ ಎರೆಗೂ ಕಡಿಮೆಯೇ.

ಇದೆಲ್ಲ ನನಗೆ ಬರೀ ಪ್ರಬಂಧದ ವಿಷಯವಾಗಿ ಉಳಿಯಲಿಲ್ಲ. ಎರಡು ವರ್ಷದ ಹಿಂದೆ ತಮ್ಮ ಫೋನ್ ಮಾಡಿದ. “ಅಕ್ಕಾ, ಕಾಲುವಿ ನೀರ ಬಂದಾವ. ಇನ್ನ ಎಷ್ಟ್ ದಿನ ಜ್ವಾಳಾ ಬಿತ್ಕೋತ ಕುಂದ್ರೂದು? ನಾಕ್ ಎಕರೆ ಕಬ್ಬ ಹಚ್ಚೂನು.” ಅಪ್ಪ ಒಪ್ಪಿದ್ದ, ಸಾಲಕ್ಕೂ ಓಡಾಡಿದ್ದ. ನಾನು ಊರಿಗೆ ಹೋಗಿ ನೋಡಿದಾಗ, ಕೆಳಗಿನ ಒಂದು ಎಕರೆಯಲ್ಲಿ ಆಗಲೇ ನೀರು ಇಂಗದೆ ನಿಂತಿತ್ತು. ಪಕ್ಕದ ಹೊಲದವರು ಒಂದೆರಡು ವರ್ಷದಿಂದ ಹಾಯಿಸುತ್ತಿದ್ದ ನೀರು ಕೆಳಗೇ ಕೂಡಿಕೊಂಡಿತ್ತು. ಅಪ್ಪ, “ಎರಿ ಅಂದ್ರ ನೀರ ನಿಂದ್ರೂದ” ಎಂದ. ಹಾಗಿರಲಿಲ್ಲ.

ಬಾವಿಯ ಗೋಡೆಯ ಸುಣ್ಣದ ಹರಳುಗಳ ಅರ್ಥ ಅಂದು ತಟ್ಟಿತು. ಒಣ ಸೀಮೆಯಲ್ಲಿ ನೀರು ಆರುವಾಗ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಕಲ್ಲಿನಿಂದ ಜೊತೆಗೇ ಬಂದ ಸೋಡಿಯಂ ಹಾಗೆ ಕೂರುವುದಿಲ್ಲ. ಕ್ಯಾಲ್ಸಿಯಂ ತೆರವು ಮಾಡಿದ ಜಾಗವನ್ನು ಅದು ಜೇಡಿಯ ಮೇಲೆ ಹಿಡಿಯುತ್ತದೆ. ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಒಟ್ಟಿಗೆ ಹಿಡಿದರೆ, ಸೋಡಿಯಂ ಬಿಡಿಸಿ ಚೆಲ್ಲುತ್ತದೆ. ಚೆಲ್ಲಿದ ಕಣಗಳು ಸಂದುಗಳನ್ನು ಮುಚ್ಚುತ್ತವೆ, ನೀರು ಇಂಗುವುದಿಲ್ಲ. ಕಾಲುವೆ ನೀರು ಹರಿದು, ಕೆಳಗಿನ ನೀರು ಮೇಲೇರಿದರೆ ಈ ಕೆಲಸ ಜೋರಾಗುತ್ತದೆ. ಊರಲ್ಲಿ ಅದಕ್ಕೆ ಸವಳು ಎನ್ನುತ್ತಾರೆ. ಎರೆಯನ್ನು ಮಾಡಿದ ಕಲ್ಲಿನಲ್ಲೇ ಸವಳಿನ ಬೀಜವೂ ಇತ್ತು.

ಮಾತಿನಿಂದ ಅಪ್ಪ ನಂಬುವವನಲ್ಲ. ಎರಡು ಗ್ಲಾಸಿನಲ್ಲಿ, ಹಿಡಿದಿಟ್ಟ ಮಳೆನೀರು ಹಾಕಿದೆ. ಒಂದರಲ್ಲಿ ಮೇಲಿನ ಎರೆಯ ಒಣ ಹೆಂಟೆ, ಇನ್ನೊಂದರಲ್ಲಿ ಕೆಳಗಿನ ಎಕರೆಯದು, ಕಡಲೆಕಾಳಿನಷ್ಟು. ಅಲುಗಾಡಿಸದೆ ಬಿಟ್ಟೆವು. ಎರಡೂ ಹೆಂಟೆ ಕುಸಿದವು, ಅದು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ನೀರನ್ನು. ಚಹಾ ಕುಡಿದು ಬರುವಷ್ಟರಲ್ಲಿ ಮೊದಲ ಗ್ಲಾಸು ತಿಳಿಯಾಗಿಯೇ ಇತ್ತು. ಎರಡನೆಯದರಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದಿತ್ತು. ಸಂಜೆಗೆ ಗ್ಲಾಸಿನ ತಳ ಕಾಣುತ್ತಿರಲಿಲ್ಲ. ತಮ್ಮ ಬಾವಿ ನೀರಿನಲ್ಲೂ ಮಾಡಿ ನೋಡಿದ. ಮೋಡ ಏಳಲಿಲ್ಲ, ಅವನು ಗೆದ್ದಂತೆ ನಕ್ಕ. ಉಪ್ಪು ನೀರಿನಲ್ಲಿ ಚೆಲ್ಲುವ ಜೇಡಿಯೂ ಚೆಲ್ಲುವುದಿಲ್ಲ, ಅದಕ್ಕೇ ಮಳೆನೀರೇ ಬೇಕು ಎಂದು ವಿವರಿಸಿದೆ. ಮಣ್ಣಿನಲ್ಲೇ ಉಪ್ಪು ಜಾಸ್ತಿಯಿದ್ದರೂ ಈ ಪರೀಕ್ಷೆ ಮೋಸ ಮಾಡುತ್ತದೆ. ಆದ್ದರಿಂದ ಮಣ್ಣನ್ನು ಪ್ರಯೋಗಾಲಯಕ್ಕೂ ಒಯ್ದೆ. ಪಿಎಚ್ 8.9 ಬಂತು. 8.5 ದಾಟಿದರೆ ಸೋಡಿಯಂ ಬಗ್ಗೆ ಅನುಮಾನ ಪಡಬೇಕು.

ಅಪ್ಪ ಆ ದಿನ ಏನೂ ಮಾತಾಡಲಿಲ್ಲ. ಮರುದಿನ ಕಬ್ಬಿನ ಬೀಜಕ್ಕೆ ಕೊಟ್ಟ ಮುಂಗಡ ವಾಪಸ್ ಕೇಳಲು ಹೋದ. ಪೂರ್ತಿ ಸಿಗಲಿಲ್ಲ. ತಮ್ಮ ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟ.

ಕೆಳಗಿನ ಎಕರೆಯ ಅಂಚಿಗೆ ಬಸಿಗಾಲುವೆ ತೋಡಿಸಿದೆವು. ಆಮೇಲೆ ಪರೀಕ್ಷೆಯ ಲೆಕ್ಕದಂತೆ ಜಿಪ್ಸಮ್ ಹಾಕಿದೆವು. ಜಿಪ್ಸಮಿನ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ. ಬಿಟ್ಟ ಸೋಡಿಯಂ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಜಿಪ್ಸಮ್ ಹಾಕಿದ್ದು ದಂಡ. ಅದಕ್ಕೇ ಕಾಲುವೆ ಮೊದಲು.

ಹೋದ ಹಿಂಗಾರಿಯಲ್ಲಿ ಅಲ್ಲಿ ಜೋಳ ಅಲ್ಲಲ್ಲಿ ಗುಂಪಾಗಿ ಬಂತು, ನಡುವೆ ಬೋಳು. ಸಂಕ್ರಾಂತಿಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗ್ಲಾಸು ಇತ್ತು, ಅದರಲ್ಲಿ ಹೆಂಟೆ. ನೀರು ಇನ್ನೂ ಮಬ್ಬಾಗಿಯೇ ಇತ್ತು, ಆದರೆ ತಳ ಕಾಣುತ್ತಿತ್ತು. ಇಟ್ಟವರು ಯಾರೆಂದು ಕೇಳಿದೆ. ಅವ್ವ ತಮ್ಮನ ಕಡೆ ಕಣ್ಣು ಮಾಡಿದಳು.