ಮಬ್ಬಿನ ಲೆಕ್ಕ

ಚಳಿಗಾಲದ ನಸುಕಿನಲ್ಲಿ ಕಾಗವಾಡದ ಕಡೆಯಿಂದ ಚಿಕ್ಕೋಡಿಗೆ ಬೈಕಿನಲ್ಲಿ ಬಂದವರಿಗೆ ಕೃಷ್ಣಾ ಹೊಳೆಯ ಮಂಜು ಗೊತ್ತು. ತೆಳು ಮಂಜಿನಲ್ಲಿ ಎದುರಿನ ಲಾರಿಯ ದೀಪ ಮಂಕಾಗುತ್ತದೆ, ಅಷ್ಟೇ. ಮಂಜು ದಟ್ಟವಾದಾಗ ಕಣ್ಣ ಮುಂದೆ ಕತ್ತಲೆ ಬರುವುದಿಲ್ಲ, ಎಲ್ಲೆಡೆ ಬೆಳ್ಳಗಾಗುತ್ತದೆ. ಒಂದು ಹನಿಗೆ ಬಡಿದು ಚೆದುರಿದ ಬೆಳಕು ಇನ್ನೊಂದು ಹನಿಗೆ ಬಡಿದು, ಸುತ್ತಿ ಬಳಸಿ ನಮ್ಮ ಕಣ್ಣಿಗೇ ಬಂದು ಸೇರುತ್ತದೆ. ನಾನು ವರ್ಷಗಳಿಂದ ಪ್ರೀತಿಸುತ್ತ ಬಂದ ಕೆಲಸದ ಸುಖವೂ ತೊಡಕೂ ಈ ಮಂಜಿನಲ್ಲೇ ಇದೆ.

ನನ್ನ ಕೆಲಸವೆಂದರೆ ಬ್ಯಾಕ್ಟೀರಿಯಾ ಬೆಳೆಯುವುದನ್ನು ನೋಡುತ್ತ ಕೂರುವುದು. ಚಿಕ್ಕೋಡಿಯ ನಮ್ಮ ಲ್ಯಾಬಿಗೆ ನಿಪ್ಪಾಣಿ, ರಾಯಬಾಗ, ಅಥಣಿಯಿಂದ ಮಕ್ಕಳು ಬಸ್ಸು ಹಿಡಿದು ಬರುತ್ತಾರೆ. ಬೆಳಿಗ್ಗೆ ಹತ್ತಕ್ಕೆ 100 ಮಿಲಿ ಎಲ್‌ಬಿ ಬ್ರಾತ್‌ಗೆ ಹಿಂದಿನ ರಾತ್ರಿ ಬೆಳೆಸಿಟ್ಟ ನಿರುಪದ್ರವಿ ಈ-ಕೋಲೈ ತಳಿಯನ್ನು 1 ಮಿಲಿ ಹಾಕಿ, ಫ್ಲಾಸ್ಕನ್ನು 37 ಡಿಗ್ರಿಯ ಶೇಕರಿನಲ್ಲಿ ಇಡುತ್ತೇವೆ. ಆಗ ಅದು ತಿಳಿ ಚಹಾದಂತೆ ಹೊಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದರೆ ಆಚೆಗಿರುವ ಬೇವಿನ ಮರ ಕಾಣುವುದಿಲ್ಲ. ಈ ನಡುವಿನ ಹೊತ್ತನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಗಾಗ ಒಂದಿಷ್ಟು ತೆಗೆದು ಕ್ಯುವೆಟ್‌ಗೆ ಹಾಕಿ 600 ನ್ಯಾನೋಮೀಟರ್ ಬೆಳಕಿನಲ್ಲಿ ಓ.ಡಿ. ನೋಡಬೇಕು. ಮೊದಲು ಬರೀ ಬ್ರಾತ್ ಇಟ್ಟು ಸೊನ್ನೆ ಮಾಡಿಕೊಳ್ಳಬೇಕು. ಕ್ಯುವೆಟ್‌ನ ನಯವಾದ ಮುಖ ಮುಟ್ಟಬಾರದು, ಬೆರಳಿನ ಗುರುತೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಸೇರಿಬಿಡುತ್ತದೆ. ಬ್ಯಾಕ್ಟೀರಿಯಾ ಈ ಬೆಳಕನ್ನು ಕುಡಿಯುವುದು ಬಹಳ ಕಡಿಮೆ, ಚೆದುರಿಸುವುದೇ ಹೆಚ್ಚು. ಚೆದುರಿ ದಾರಿ ತಪ್ಪಿದ ಬೆಳಕು ಆಚೆಗಿನ ಕಣ್ಣಿಗೆ ತಲುಪುವುದಿಲ್ಲ, ಅದನ್ನೇ ಯಂತ್ರ ಓ.ಡಿ. ಎಂದು ತೋರಿಸುತ್ತದೆ.

ಒಂದು ದಿನದ ಲೆಕ್ಕ ಹೇಳುತ್ತೇನೆ. 11:20ಕ್ಕೆ 0.075, 11:45ಕ್ಕೆ 0.15, 12:10ಕ್ಕೆ 0.30. ಇಪ್ಪತ್ತೈದು ನಿಮಿಷಕ್ಕೊಮ್ಮೆ ಎರಡರಷ್ಟು! ಸೆಮಿ-ಲಾಗ್ ಹಾಳೆಯಲ್ಲಿ ಮೂರೂ ಚುಕ್ಕಿ ಒಂದೇ ಗೆರೆಯ ಮೇಲೆ ಬಂದು ಕೂತಾಗ ಆಗುವ ಸಂತೋಷವನ್ನು ಬಾಯಲ್ಲಿ ಹೇಳಲಾರೆ. 0.30 ಇದ್ದಾಗ ತೆಗೆದ ಮಾದರಿಯನ್ನು ಲಕ್ಷ ಪಟ್ಟು ತೆಳುಮಾಡಿ, 0.1 ಮಿಲಿಯನ್ನು ಪ್ಲೇಟಿನ ಮೇಲೆ ಹರಡಿದೆವು. ಮರುದಿನ ಎಣಿಸಿದರೆ 210 ಕಾಲೊನಿ. ಅಂದರೆ 1 ಮಿಲಿಯಲ್ಲಿ 21 ಕೋಟಿ ಜೀವಂತ ಕೋಶಗಳು. ಹಾಗಾಗಿ ನಮ್ಮ ಯಂತ್ರದಲ್ಲಿ 1 ಓ.ಡಿ. ಅಂದರೆ 70 ಕೋಟಿ.

ಅದೇ ದಿನ ಮಧ್ಯಾಹ್ನ ರೀಡಿಂಗ್ 1.2, 1.3, 1.4 ಎಂದು ತೆವಳತೊಡಗಿತು. "ಸರ್, ಬೆಳಿಯೂದು ನಿಂತೈತ್ರಿ" ಅಂದಳು ರಾಯಬಾಗದ ಹುಡುಗಿ. ಗೆರೆ ನಿಜಕ್ಕೂ ಬಾಗಿತ್ತು. "1 ಮಿಲಿಗೆ 9 ಮಿಲಿ ಹೊಸಾ ಬ್ರಾತ್ ಹಾಕಿ ನೋಡವ್ವಾ" ಅಂದೆ. ಚೆನ್ನಾಗಿ ಕಲಸಿ ಇಟ್ಟಳು. ಬಂದದ್ದು 0.24. ಹತ್ತರಿಂದ ಗುಣಿಸಿದರೆ 2.4! ನೇರ ರೀಡಿಂಗ್ ನಂಬಿದ್ದರೆ 98 ಕೋಟಿ ಎಂದು ಬರೆಯುತ್ತಿದ್ದಳು. ಈಗ ಅದೇ ಗುಣಕಕ್ಕೆ 168 ಕೋಟಿ. ಬೆಳವಣಿಗೆ ನಿಧಾನವಾಗಿತ್ತು, ನಿಂತಿರಲಿಲ್ಲ. ಗೆರೆಯನ್ನು ಅಷ್ಟು ಬೇಗ ಬಾಗಿಸಿದ್ದು ಹೊಳೆಯ ಆ ಮಂಜು: ದಟ್ಟಣೆಯಲ್ಲಿ ಎರಡು ಮೂರು ಸಲ ಚೆದುರಿದ ಬೆಳಕು ಮತ್ತೆ ಯಂತ್ರದ ಕಣ್ಣಿಗೇ ಬಿದ್ದು, ಮಬ್ಬು ಇದ್ದದ್ದಕ್ಕಿಂತ ಕಡಿಮೆ ಕಂಡಿತ್ತು. ಅಂದಿನಿಂದ ನಮ್ಮಲ್ಲಿ 0.4 ದಾಟಿದ ಮಾದರಿಯನ್ನು ತೆಳುಮಾಡದೆ ಯಾರೂ ಬರೆಯುವುದಿಲ್ಲ.

ಆ 168 ಕೋಟಿಯನ್ನೂ ಕಣ್ಣು ಮುಚ್ಚಿ ನಂಬಬಾರದು. ಬೇಗ ಬೆಳೆಯುವ ಕೋಶ ದಪ್ಪ, ಊಟ ತೀರಿ ನಿಂತ ಕೋಶ ಸಣ್ಣ. ಕೋಶದ ಗಾತ್ರ ಬೆಳವಣಿಗೆಯ ವೇಗಕ್ಕೆ ತಕ್ಕಂತೆ ಬದಲಾಗುತ್ತದೆಂದು ಕೋಪನ್‌ಹೇಗನ್‌ನ ಸಂಶೋಧಕರು 1958ರಲ್ಲೇ ತೋರಿಸಿದ್ದರು. ಸಣ್ಣ ಕೋಶ ಕಡಿಮೆ ಬೆಳಕು ಚೆದುರಿಸುತ್ತದೆ, ಆದ್ದರಿಂದ ಏರುವ ಹೊತ್ತಿನ ಗುಣಕ ಇಳಿಹೊತ್ತಿಗೆ ಹೊಂದುವುದಿಲ್ಲ. ಸತ್ತ ಕೋಶವೂ ಬೆಳಕು ಚೆದುರಿಸುತ್ತದೆ, ಆದರೆ ಪ್ಲೇಟಿನ ಮೇಲೆ ಕಾಲೊನಿಯಾಗಿ ಏಳುವುದಿಲ್ಲ. ಅದಕ್ಕೇ ಸಂಜೆಯ ಮಾದರಿಗೆ ನಾವು ಬೇರೆ ಪ್ಲೇಟ್ ಹಾಕುತ್ತೇವೆ.

ಇದನ್ನು ಓದುವವರಲ್ಲಿ ಲ್ಯಾಬಿನವರಿದ್ದರೆ ಒಂದು ಮಾತು. ನಮ್ಮ 70 ಕೋಟಿಯನ್ನು ಎತ್ತಿಕೊಳ್ಳಬೇಡಿ. ಬೆಳಕು ಚೆದುರುವುದನ್ನು ಒಂದೊಂದು ಯಂತ್ರ ಒಂದೊಂದು ಥರ ಹಿಡಿಯುತ್ತದೆ. ನಿಮ್ಮ ತಳಿ, ನಿಮ್ಮ ಬ್ರಾತ್, ನಿಮ್ಮ ಯಂತ್ರ ಇಟ್ಟುಕೊಂಡು ಒಂದು ದಿನ ಕೂತು, ಕಾಲೊನಿ ಎಣಿಸಿ ನಿಮ್ಮ ಗುಣಕವನ್ನು ನೀವೇ ತೆಗೆಯಿರಿ.