ಎರಡನೇ ಸಲವೂ ಚಿತ್ರಾನ್ನವೇ

ಮಧ್ಯಾಹ್ನ ಒಂದೂವರೆ. ಹೊರಗಿನ ಸಾಲು ಕರಗಿದೆ. ಜಠರ, ಕರುಳಿನ ತಜ್ಞೆಯ ಕೋಣೆಯಲ್ಲಿ, ಮೂಲೆಯ ಸ್ಟೂಲಿನ ಮೇಲೆ ನೀವು ಕೂತಿದ್ದೀರಿ. ಎದುರಿಗೆ ಪಿಯುಸಿ ಓದುವ ಹದಿನಾರರ ಹುಡುಗಿ, ಪಕ್ಕದಲ್ಲಿ ಅವಳ ಅಮ್ಮ, ಅಮ್ಮನ ಮಡಿಲಲ್ಲಿ ಎರಡು ಬೆರಳು ದಪ್ಪದ ಫೈಲು.

"ತಿಂದಿದ್ದೆಲ್ಲಾ ವಾಂತಿ ಮಾಡ್ಕೋತಾಳೆ ಡಾಕ್ಟ್ರೇ. ಒಂಬತ್ತು ತಿಂಗಳಾಯ್ತು."

ಡಾಕ್ಟರು ಫೈಲು ತಿರುವುತ್ತಾರೆ. ಮೊದಲ ಹಾಳೆಯಲ್ಲಿ ಜ್ವರ, ವಾಂತಿ, ಭೇದಿ. ಮೂರು ದಿನ ಡ್ರಿಪ್. ಅದು ವಾಸಿಯಾಯಿತು. ಆಮೇಲಿನ ಒಂದೊಂದು ಹಾಳೆಯ ಮೇಲೂ ವಾಂತಿ ಎಂಬ ಒಂದೇ ಪದ, ಅದರ ಕೆಳಗೆ ಡೋಂಪೆರಿಡೋನ್, ಒಂಡನ್‌ಸೆಟ್ರಾನ್, ಪ್ಯಾಂಟೊಪ್ರಜೋಲ್. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲವೂ ಸರಿಯಾಗಿವೆ. 46 ಕಿಲೋ ಇದ್ದ ತೂಕ 42ಕ್ಕೆ ಇಳಿದಿದೆ. ಒಂದು ಹಾಳೆಯ ಅಂಚಿನಲ್ಲಿ ಯಾರೋ ಬರೆದಿದ್ದಾರೆ: ಬೇಕಂತಲೇ ಮಾಡಿಕೊಳ್ಳುತ್ತಿದ್ದಾಳೆಯೇ?

"ಊಟ ಆಯ್ತಾ?"

"ಇಲ್ಲ ಮೇಡಂ. ಬಾಕ್ಸ್ ತಂದಿದೀವಿ."

"ಹಾಗಾದ್ರೆ ಇಲ್ಲೇ ತಿನ್ನು ಪುಟ್ಟಿ. ನಾನೂ ನೋಡ್ತೀನಿ."

ಹುಡುಗಿ ಅಮ್ಮನ ಮುಖ ನೋಡುತ್ತಾಳೆ. ಒಂಬತ್ತು ತಿಂಗಳಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದವರಿದ್ದಾರೆ, ಎದುರಿಗೆ ಕೂರಿಸಿ ಉಣ್ಣಿಸಿ ನೋಡಿದವರಿಲ್ಲ. ಮುಚ್ಚಳ ತೆಗೆದಾಗ ನಿಂಬೆಹಣ್ಣು, ಕರಿಬೇವಿನ ವಾಸನೆ ನಿಮ್ಮವರೆಗೂ ಬರುತ್ತದೆ. ಚಿತ್ರಾನ್ನ, ಮೇಲೆ ಒಂದಿಷ್ಟು ಕಡಲೆಬೀಜ. ಅರ್ಧ ಬಾಕ್ಸ್ ತಿಂದು, ಅರ್ಧ ಲೋಟ ನೀರು ಕುಡಿಯುತ್ತಾಳೆ. ಡಾಕ್ಟರು ಗಡಿಯಾರ ನೋಡಿಕೊಳ್ಳುತ್ತಾರೆ, 1:42. ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು, ಕಾಲೇಜಿಗೆ ಯಾವ ಬಸ್ಸು, ಎಷ್ಟು ಹೊತ್ತು ಅಂತ ಮಾತಿಗಿಳಿಯುತ್ತಾರೆ.

1:50. ಹುಡುಗಿ ಮಾತಿನ ಮಧ್ಯೆ ಒಂದು ಚೂರು ತಡೆಯುತ್ತಾಳೆ. ಡಾಕ್ಟರ ಅಂಗೈ ಕೆಳಗೆ ಹೊಟ್ಟೆ ಕ್ಷಣಮಾತ್ರ ಬಿಗಿಯಾಗಿ ಒಳಕ್ಕೆ ಹೋಗುತ್ತದೆ. ಸಣ್ಣ ತೇಗಿನಷ್ಟು ಸದ್ದು, ಅದೂ ಇಲ್ಲವೇನೋ. ಗಲ್ಲ ಸ್ವಲ್ಪ ತುಂಬಿಕೊಳ್ಳುತ್ತದೆ, ದವಡೆ ನಾಲ್ಕೈದು ಸಲ ಆಡುತ್ತದೆ, ಗಂಟಲು ಇಳಿಯುತ್ತದೆ. ಮುಖ ಸಿಂಡರಿಸಲಿಲ್ಲ, ಕಣ್ಣಲ್ಲಿ ನೀರಿಲ್ಲ, ಅವಳು ಬೇಸಿನ್ ಕಡೆ ಓಡಲೂ ಇಲ್ಲ. ನೀವು ಕಣ್ಣು ಬೇರೆ ಕಡೆ ಹೊರಳಿಸಿದ್ದರೆ ಏನೂ ಆಗಲಿಲ್ಲ ಅಂದುಕೊಳ್ಳುತ್ತಿದ್ದಿರಿ.

"ಈಗ ಬಾಯಿಗೆ ಬಂತಲ್ವಾ? ರುಚಿ ಹೇಗಿತ್ತು?"

ಹುಡುಗಿ ತಲೆ ತಗ್ಗಿಸಿ ಹೇಳುತ್ತಾಳೆ, "ಚಿತ್ರಾನ್ನದ್ದೇ. ಈಗ ತಿಂದ ಹಾಗೇ ಇರತ್ತೆ. ಮನೇಲಾದ್ರೆ ನುಂಗ್ತೀನಿ. ಕ್ಲಾಸಲ್ಲಾದ್ರೆ ಕರ್ಚೀಫಿಗೆ ಉಗೀತೀನಿ. ಅದಕ್ಕೇ ಬೆಳಿಗ್ಗೆ ತಿಂಡಿ ಬಿಟ್ಟೆ."

ನಾಲ್ಕು ಕಿಲೋ ಎಲ್ಲಿ ಹೋಯಿತೆಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

"ಮೊದಲು ಜ್ವರ ಬಂದಾಗ ವಾಂತಿ ಆಗಿತ್ತಲ್ಲ, ಅದೂ ಹೀಗೇ ಇತ್ತಾ?"

"ಅಯ್ಯೋ, ಅದು ಬೇರೆ ಮೇಡಂ!" ಮೊದಲ ಸಲ ಅವಳ ದನಿ ಏರುತ್ತದೆ. ಆವಾಗ ಹೊಟ್ಟೆ ತೊಳಸುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು, ಮೈ ಬೆವರುತ್ತಿತ್ತು. ಆಮೇಲೆ ಓಕರಿಕೆ ಮೇಲೆ ಓಕರಿಕೆ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿತ್ತು. ಕೊನೆಗೆ ಹೊಟ್ಟೆಯಲ್ಲಿ ಏನಿಲ್ಲದಿದ್ದರೂ ಹಳದಿ ಪಿತ್ತ, ಬಾಯೆಲ್ಲ ಕಹಿ.

ವಾಂತಿಯೆಂದರೆ ಅವಳು ಈಗ ಹೇಳಿದ್ದೇ. ಅದು ಮಿದುಳಿನ ಬುಡದಿಂದ ಹೊರಡುವ ಆಜ್ಞೆ. ಸಣ್ಣ ಕರುಳು ಉಲ್ಟಾ ಹಿಂಡಿ ತನ್ನಲ್ಲಿದ್ದದ್ದನ್ನು ಜಠರಕ್ಕೆ ತಳ್ಳುತ್ತದೆ. ಪಿತ್ತ ಬರುವುದು ಹಾಗೆ. ನಂತರ ವಪೆಯೂ ಹೊಟ್ಟೆಯ ಸ್ನಾಯುಗಳೂ ಸೇರಿ ಜೋರಾಗಿ ಒತ್ತುತ್ತವೆ. ಇಡೀ ದೇಹ ಆ ಕೆಲಸಕ್ಕೆ ನಿಲ್ಲುತ್ತದೆ. ಇಲ್ಲಿ ಹಾಗಿಲ್ಲ. ಹೊಟ್ಟೆಯ ಗೋಡೆಯ ಸ್ನಾಯು ಅವಳಿಗೇ ತಿಳಿಯದಂತೆ ಒಮ್ಮೆ ಬಿಗಿಯುತ್ತದೆ, ಜಠರದೊಳಗಿನ ಒತ್ತಡ ಏರುತ್ತದೆ, ಅದೇ ಹೊತ್ತಿಗೆ ಅನ್ನನಾಳದ ಕೆಳಗಿನ ಬಾಗಿಲು ಸಡಿಲಗೊಂಡು ತುತ್ತು ಮೇಲೇರುತ್ತದೆ. ತಿಂದು ಎಂಟು ನಿಮಿಷವಷ್ಟೇ ಆಗಿರುವುದರಿಂದ ಅನ್ನಕ್ಕೆ ಆಮ್ಲ ಇನ್ನೂ ಸರಿಯಾಗಿ ಬೆರೆತಿಲ್ಲ. ಅದಕ್ಕೇ ರುಚಿ ಹಾಗೇ ಇದೆ.

"ಯಾವಾಗ ನಿಲ್ಲತ್ತೆ?"

"ಒಂದು ಗಂಟೆ ಆದ್ಮೇಲೆ ಹುಳಿ ಹುಳಿ ಆಗತ್ತೆ. ಆಮೇಲೆ ಬರಲ್ಲ."

"ಮಲಗಿದಾಗ?"

"ಯಾವತ್ತೂ ಬಂದಿಲ್ಲ."

ತಾನಾಗಿ ಬೆರಳು ಹಾಕುತ್ತೀಯಾ, ತೂಕ ಇಳಿಸಬೇಕೆಂದಿದೆಯಾ ಎಂದೂ ಡಾಕ್ಟರು ಸುತ್ತುಬಳಸದೆ ಕೇಳುತ್ತಾರೆ. ಎರಡಕ್ಕೂ ಇಲ್ಲ. ರಕ್ತ ಕಂಡಿದೆಯಾ, ನುಂಗುವಾಗ ಸಿಕ್ಕಿಕೊಳ್ಳುತ್ತದಾ? ಅದೂ ಇಲ್ಲ. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ದಾರಿ ಬೇರೆಯಾಗುತ್ತಿತ್ತು. ಅನುಮಾನ ಉಳಿದರೆ ಮೂಗಿನಿಂದ ತೆಳು ನಳಿಕೆ ಇಳಿಸಿ, ಊಟ ಮಾಡಿಸಿ, ಒತ್ತಡ ಅಳೆಯಬಹುದು. ತುತ್ತು ಮೇಲೇರುವ ಕ್ಷಣಕ್ಕೆ ಜಠರದ ಒತ್ತಡ 30 ಮಿ.ಮೀ. ಪಾದರಸ ದಾಟಿ ಚೂಪಾಗಿ ಏಳುವುದು ಪರದೆಯ ಮೇಲೆ ಕಾಣುತ್ತದೆ. ಇವಳಿಗೆ ಅದು ಬೇಡ ಅನ್ನುತ್ತಾರೆ ಡಾಕ್ಟರು.

"ಇದು ವಾಂತಿ ಅಲ್ಲಮ್ಮ. ಇಂಗ್ಲಿಷಲ್ಲಿ ರುಮಿನೇಶನ್ ಅಂತಾರೆ. ನಮ್ಮಲ್ಲಾದ್ರೆ ಮೆಲುಕು."

ಅಮ್ಮ ಬೆಚ್ಚಿಬೀಳುತ್ತಾರೆ. "ನಮ್ಮತ್ತೆ ಮೊದಲ ವಾರವೇ ಹೇಳಿದ್ರು, ಇದೇನೇ ದನದ ಥರ ಮೆಲುಕು ಹಾಕ್ತೀಯ ಅಂತ. ಹಂಗೆಲ್ಲ ಅನ್ನಬೇಡಿ ಅಂತ ನಾನೇ ಬಾಯಿ ಮುಚ್ಚಿಸಿದ್ದೆ."

ಅಜ್ಜಿ ಕೊಟ್ಟಿಗೆಯಲ್ಲಿ ಬೆಳೆದವರು, ಕಣ್ಣಿಗೆ ಕಂಡದ್ದನ್ನು ಹೇಳಿದ್ದಾರೆ. ಆ ಮಾತು ಆಸ್ಪತ್ರೆಯ ಬಾಗಿಲು ದಾಟುವಾಗ ಮರ್ಯಾದೆಗೆ ವಾಂತಿಯಾಗಿದೆ, ವಾಂತಿಗೆ ಕೊಡುವ ಮಾತ್ರೆ ಬಂದಿದೆ. ವಾಂತಿಯೇ ಅಲ್ಲದ್ದಕ್ಕೆ ಆ ಮಾತ್ರೆ ಏನು ಮಾಡೀತು? ಆದರೆ ಹಸುವಿನ ಮೆಲುಕಿಗೂ ಇದಕ್ಕೂ ಹೋಲಿಕೆ ಬಾಯಿಯವರೆಗೆ ಮಾತ್ರ. ಹಸುವಿಗೆ ಅದು ಜೀರ್ಣದ ಮಾಮೂಲಿ ಕೆಲಸ, ಹುಲ್ಲನ್ನು ಮತ್ತೆ ಅಗಿಯದೆ ಅದಕ್ಕೆ ಬೇರೆ ದಾರಿಯಿಲ್ಲ. ಈ ಹುಡುಗಿಯ ಹೊಟ್ಟೆಗೆ ಇದರಿಂದ ಕವಡೆ ಲಾಭವಿಲ್ಲ. ಕಾಯಿಲೆಯ ದಿನಗಳಲ್ಲಿ ಬಿಗಿಯುವುದನ್ನು ಕಲಿತ ಸ್ನಾಯು ಕಾಯಿಲೆ ಹೋದ ಮೇಲೂ ಅದನ್ನು ಬಿಟ್ಟಿಲ್ಲ, ಅಷ್ಟೇ. ಹೀಗೆ ಈ ಅಭ್ಯಾಸ ಅಂಟಿಕೊಂಡವರಲ್ಲಿ ದೊಡ್ಡವರೂ ಇದ್ದಾರೆ. 19ನೇ ಶತಮಾನದ ಶರೀರವಿಜ್ಞಾನಿ ಬ್ರೌನ್-ಸೆಕಾರ್ ಜಠರರಸದ ಪರೀಕ್ಷೆಗೆಂದು ದಾರ ಕಟ್ಟಿದ ಸ್ಪಂಜನ್ನು ನುಂಗಿ ನುಂಗಿ ಎಳೆದು, ಕೊನೆಗೆ ತಾವೇ ಮೆಲುಕು ಹಾಕುವವರಾದರಂತೆ.

"ಈಗ ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಮೂಗಿಂದ ನಿಧಾನಕ್ಕೆ ಉಸಿರು ಎಳ್ಕೋ. ಎದೆ ಮೇಲಿನ ಕೈ ಅಲುಗಬಾರದು, ಹೊಟ್ಟೆ ಮೇಲಿನ ಕೈ ಮಾತ್ರ ಏಳಬೇಕು."

ಮೊದಲ ನಾಲ್ಕು ಉಸಿರು ಎದೆಗೇ ಹೋಗುತ್ತವೆ, ಭುಜ ಏರುತ್ತದೆ. ಡಾಕ್ಟರು ಅವಳನ್ನು ಹಿಂದಕ್ಕೆ ಒರಗಿಸಿ ಮತ್ತೆ ಮಾಡಿಸುತ್ತಾರೆ. ಐದನೆಯದಕ್ಕೆ ಕೆಳಗಿನ ಕೈ ಮೇಲೇಳುತ್ತದೆ. ಕೈಗಡಿಯಾರ ನೋಡುತ್ತಾ ನಿಮಿಷಕ್ಕೆ ಆರೆಂಟು ಉಸಿರಿಗೆ ಇಳಿಸುತ್ತಾರೆ. ಗುಟ್ಟು ಇಷ್ಟೇ: ತುತ್ತು ಮೇಲೆ ಬರಬೇಕಾದರೆ ಹೊಟ್ಟೆ ಒಳಕ್ಕೆ ಬಿಗಿಯಬೇಕು, ಈ ಉಸಿರಿಗೆ ಹೊಟ್ಟೆ ಹೊರಕ್ಕೆ ಸಡಿಲಬೇಕು. ಎರಡೂ ಒಟ್ಟಿಗೆ ಆಗಲಾರವು. ಕೆಳಗಿಳಿದ ವಪೆ ಅನ್ನನಾಳದ ಬಾಗಿಲನ್ನೂ ಬಿಗಿಯಾಗಿ ಹಿಡಿಯುತ್ತದೆ.

"ಪ್ರತಿ ಊಟ ಆದ ಕೂಡ್ಲೇ ಹದಿನೈದು ನಿಮಿಷ. ಬರೋ ಹಾಗೆ ಅನ್ನಿಸಿದ್ರೆ ಮತ್ತೆ. ವಾರಗಟ್ಟಲೆ ಮಾಡ್ಬೇಕು ಪುಟ್ಟಿ, ನಾಳೆಗೇ ನಿಲ್ಲಲ್ಲ. ಸಾಲದೇ ಹೋದ್ರೆ ಬ್ಯಾಕ್ಲೋಫೆನ್ ಅಂತ ಒಂದು ಮಾತ್ರೆ ಇದೆ, ಆಮೇಲೆ ನೋಡೋಣ."

"ಮಾತ್ರೆ ಏನೂ ಇಲ್ವಾ ಈಗ?" ಅಮ್ಮನಿಗೆ ಬರಿಗೈಯಲ್ಲಿ ಹೋಗುವುದು ಹೇಗೆಂಬ ಚಿಂತೆ.

"ಇರೋದನ್ನೂ ನಿಲ್ಲಿಸ್ತಿದೀನಿ."

2:06. ಹುಡುಗಿಯ ಕಣ್ಣು ಒಮ್ಮೆಲೇ ಅಗಲವಾಗುತ್ತದೆ. ಹೊಕ್ಕುಳ ಮೇಲಿನ ಕೈ ಒಳಕ್ಕೆ ಎಳೆದಂತಾಗಿ ನಿಲ್ಲುತ್ತದೆ. ಅವಳು ಮೂಗಿನಿಂದ ಉಸಿರೆಳೆಯುತ್ತಾಳೆ, ಉದ್ದಕ್ಕೆ. ಕೈ ಹೊರಕ್ಕೆ ಬರುತ್ತದೆ. ಗಲ್ಲ ತುಂಬಿಕೊಳ್ಳಲಿಲ್ಲ, ದವಡೆ ಆಡಲಿಲ್ಲ.

"ಹೋಯ್ತು," ಅನ್ನುತ್ತಾಳೆ.

ಎರಡು ನಿಮಿಷದ ನಂತರ ಇನ್ನೊಂದು ಬರುತ್ತದೆ, ಅದು ತಪ್ಪಿಸಿಕೊಂಡು ಬಾಯಿಯವರೆಗೂ ಏರುತ್ತದೆ. ಹುಡುಗಿ ಅಗಿದು ನುಂಗಿ, ಕೈ ತೆಗೆಯದೆ, ಮತ್ತೆ ಉಸಿರು ಎಣಿಸಲು ಶುರುಮಾಡುತ್ತಾಳೆ.