ಕೆರೆ ಏರಿ ದಾರಿಯೋ, ದಿಣ್ಣೆ ದಾರಿಯೋ?

ಹೋದ ಸಲ ಕಬ್ಬು ಸಾಗಿಸುವಾಗ ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರ್ ದಿಣ್ಣೆ ಹತ್ತಲಾರದೆ ಅರ್ಧಕ್ಕೆ ನಿಂತು, ಲೋಡಿನ ಸಮೇತ ನಾಲ್ಕು ಮಾರು ಹಿಂದಕ್ಕೆ ಬಂತು. ಚಕ್ರಕ್ಕೆ ಕಲ್ಲು ಕೊಡಲು ಹಿಂದೆ ನಡೆಯುತ್ತಿದ್ದವನು ಚಿಕ್ಕಪ್ಪನ ಮಗ. ಪಕ್ಕಕ್ಕೆ ಹಾರಿ ಬಚಾವಾದ. ಆವತ್ತಿನಿಂದ ಚಿಕ್ಕಮ್ಮ ಅವನನ್ನು ಕಬ್ಬಿನ ಗಾಡಿ ಹಿಂದೆ ಕಳಿಸುತ್ತಿಲ್ಲ.

ಸಿಂಧಘಟ್ಟದ ನಮ್ಮ ಗದ್ದೆಯಿಂದ ಟಾರು ರಸ್ತೆ ಸೇರಲು ಎರಡು ದಾರಿ ಇವೆ. ದಿಣ್ಣೆ ಮೇಲಿನದು ಹತ್ತಿರ. ಕೆರೆ ಏರಿ ಮೇಲಿನದು ಬಳಸು ದಾರಿ, ಡೀಸೆಲ್ ಜಾಸ್ತಿ. "ಯಾವ ದಾರೀಲಿ ಎಷ್ಟು ಏರೈತೆ ಅಂತ ನಿನ್ನ ಕಂಪ್ಯೂಟರ್ನಲ್ಲಿ ನೋಡೇಳವ್ವ" ಎಂದರು ಚಿಕ್ಕಪ್ಪ. ಒಂದು ಗಂಟೆಯ ಕೆಲಸ ಅಂದುಕೊಂಡೆ. ಒಂದು ವಾರ ಹಿಡಿಯಿತು.

ರಸ್ತೆಯ ಏರನ್ನು ಶೇಕಡಾದಲ್ಲಿ ಹೇಳುವುದು ಸುಲಭ. 100 ಮೀಟರ್ ಮುಂದೆ ಹೋದಾಗ 5 ಮೀಟರ್ ಮೇಲೆ ಹತ್ತಿದರೆ ಶೇ. 5ರ ಏರು. ಟ್ರ್ಯಾಕ್ಟರಿಗೆ ಇದರ ಅರ್ಥ ಏನು? ಗಾಡಿ, ಟ್ರೈಲರ್, ಕಬ್ಬು ಎಲ್ಲ ಸೇರಿ 12 ಟನ್ ಇದ್ದರೆ, ಪ್ರತಿ ಶೇ. 1ರ ಏರಿಗೂ ಎಂಜಿನ್ನು 120 ಕೆ.ಜಿ.ಯಷ್ಟು ಹೆಚ್ಚು ಎಳೆಯಬೇಕು. ಶೇ. 5 ಅಂದರೆ 600 ಕೆ.ಜಿ.

ಎತ್ತರದ ಲೆಕ್ಕಕ್ಕೆ ನಾನು ಬಳಸಿದ್ದು ಅಮೆರಿಕದ ಎಂಡೆವರ್ ನೌಕೆ 2000ದ ಫೆಬ್ರುವರಿಯಲ್ಲಿ 11 ದಿನ ಸುತ್ತಿ, ರೇಡಾರ್‌ನಿಂದ ಅಳೆದ ನೆಲದ ನಕ್ಷೆ. ಪುಕ್ಕಟೆ ಸಿಗುತ್ತದೆ. ಇದರಲ್ಲಿ ನೆಲವನ್ನು ಸುಮಾರು 30 ಮೀಟರ್ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೆ ಒಂದೇ ಎತ್ತರ ಬರೆದಿರುತ್ತಾರೆ. ಅದೂ ಪೂರ್ತಿ ಮೀಟರಿನಲ್ಲಿ, ಅರ್ಧ ಕಾಲು ಇಲ್ಲ.

QGIS ಎಂಬ ಉಚಿತ ತಂತ್ರಾಂಶದಲ್ಲಿ ದಾರಿಯ ಮೇಲೆ ಗೆರೆ ಎಳೆದೆ. ಆ ಗೆರೆಯನ್ನು ಮೊದಲು ಮೀಟರ್ ಲೆಕ್ಕಕ್ಕೆ ತರಬೇಕು. ನಮ್ಮ ಭಾಗಕ್ಕೆ ಅದು EPSG:32643. ತರದಿದ್ದರೆ 10 ಎಂದು ಕೊಟ್ಟಿದ್ದನ್ನು ಅದು 10 ಡಿಗ್ರಿ ಅಂದುಕೊಳ್ಳುತ್ತದೆ. ಆಮೇಲೆ Points along geometry ಒತ್ತಿ 10 ಮೀಟರಿಗೊಂದು ಚುಕ್ಕಿ ಇಟ್ಟೆ. Sample raster values ಒತ್ತಿ ಪ್ರತಿ ಚುಕ್ಕಿಗೂ ಎತ್ತರ ಪಡೆದೆ. ಉಳಿದದ್ದು ಕಳೆದು ಭಾಗಿಸುವ ಲೆಕ್ಕ:

```
ಏರು % = (h2 - h1) / (d2 - d1) * 100
```

h ಅಂದರೆ ಎತ್ತರ, d ಅಂದರೆ ಹೊರಟ ಜಾಗದಿಂದ ಇರುವ ದೂರ. ಉತ್ತರ ಮೈನಸ್ ಬಂದರೆ ಇಳಿಜಾರು.

ದಿಣ್ಣೆ ದಾರಿಯಲ್ಲಿ ಬಂದ ಉತ್ತರ ನೋಡಿ ಗಾಬರಿಯಾಯಿತು. 0, 0, 20, 0, 0, 10 ಎಂದು ಕುಣಿಯುತ್ತಿತ್ತು. ಶೇ. 20ರ ಏರಿದ್ದರೆ ಲೋಡಿರಲಿ, ಬೈಕೂ ಒದ್ದಾಡಬೇಕು. ಕಾರಣ ನಕ್ಷೆಯ ಚೌಕ. ಒಂದೇ ಚೌಕದೊಳಗೆ ಮೂರು ಚುಕ್ಕಿ ಬಿದ್ದರೆ ಮೂರಕ್ಕೂ ಒಂದೇ ಎತ್ತರ, ಏರು ಸೊನ್ನೆ. ಮುಂದಿನ ಚೌಕಕ್ಕೆ ಕಾಲಿಟ್ಟ ಕೂಡಲೇ 2 ಮೀಟರ್ ನೆಗೆತ, ಅದೂ 10 ಮೀಟರ್ ದೂರದಲ್ಲಿ. ರಸ್ತೆಯ ಏರನ್ನು ಬಿಟ್ಟು ಮೆಟ್ಟಿಲು ಲೆಕ್ಕ ಹಾಕಿದ್ದೆ.

ಚುಕ್ಕಿಗಳನ್ನು 30 ಮೀಟರಿಗೊಂದು ಮಾಡಿದೆ. ಹೊರಟ ಜಾಗವನ್ನು ಸೊನ್ನೆ ಎಂದಿಟ್ಟುಕೊಂಡರೆ 300 ಮೀಟರಿಗೆ ಎತ್ತರಗಳು ಹೀಗಿದ್ದವು: 0, 0, 2, 3, 6, 7, 9, 12, 12, 14, 14. ಪಕ್ಕಪಕ್ಕದ ಚುಕ್ಕಿ ಹಿಡಿದರೆ ಒಂದು ಕಡೆ ಏರೇ ಇಲ್ಲ, ಇನ್ನೊಂದು ಕಡೆ ಶೇ. 10. ಇದನ್ನೂ ನಂಬುವಂತಿಲ್ಲ. ಎರಡೂ ತುದಿಯ ಎತ್ತರ ಒಂದೊಂದು ಮೀಟರ್ ತಪ್ಪಿದರೆ, ಒಟ್ಟು ತಪ್ಪು 2 ಮೀಟರ್. 30 ಮೀಟರಿನಲ್ಲಿ ಅದು ಶೇ. 6.7ರಷ್ಟು ಸುಳ್ಳಾಗುತ್ತದೆ. ಅದೇ 2 ಮೀಟರ್ ತಪ್ಪನ್ನು 150 ಮೀಟರಿಗೆ ಹಂಚಿದರೆ ಸುಳ್ಳು ಶೇ. 1.3ಕ್ಕೆ ಇಳಿಯುತ್ತದೆ.

ಹಾಗಾಗಿ 150 ಮೀಟರ್ ಅಂತರದ ಚುಕ್ಕಿಗಳನ್ನು ಜೋಡಿ ಮಾಡಿ, ಒಂದೊಂದೇ ಚುಕ್ಕಿ ಮುಂದೆ ಸರಿಯುತ್ತ ಹೋದೆ. 4.7, 6, 6.7, 6, 5.3, 4.7 ಬಂತು. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಅಂಕಿಗಳು. ನಡುವೆ, 60ರಿಂದ 210 ಮೀಟರ್ ತನಕ, ಶೇ. 6.7. ಗಾಡಿ ನಿಂತಿದ್ದು ಅಲ್ಲೇ. ಬಯಲು ಸೀಮೆಯ ರಸ್ತೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಸಾಮಾನ್ಯ ಮಿತಿ ಶೇ. 3.3. ಶೇ. 6.7 ಬೇರೆ ದಾರಿಯೇ ಇಲ್ಲದ ಕಡೆ ಬಿಡುವ ಕೊನೆಯ ಮಿತಿ.

ಇನ್ನು ಕೆರೆ ದಾರಿ. ಆ ಗೆರೆಯನ್ನು ಚಿಕ್ಕಪ್ಪನಿಗೆ ತೋರಿಸಿದಾಗ ಅವರು ನಕ್ಕೇಬಿಟ್ಟರು. "ಏರಿ ಮೇಲೆ ಐದು ಮೀಟ್ರು ಹಳ್ಳ ಎಲ್ಲೈತವ್ವ? ಹಂಗಿದ್ರೆ ಕೆರೇಲಿ ನೀರು ನಿಲ್ತಿತ್ತಾ?"

ಅವರು ಹೇಳಿದ್ದೇ ಸರಿ. ಏರಿಯ ತಲೆ ಐದಾರು ಮೀಟರ್ ಅಗಲ. ನಕ್ಷೆಯ ಚೌಕ 30 ಮೀಟರ್. ಏರಿ ಜೊತೆಗೆ ಆಚೆಯ ನೀರು, ಈಚೆಯ ಗದ್ದೆ ಎಲ್ಲ ಒಂದೇ ಚೌಕದಲ್ಲಿ ಬೆರೆತು ಏರಿಯ ಎತ್ತರ ಕರಗಿಹೋಗುತ್ತದೆ. ಗೆರೆ ಯಾವ ಚೌಕಕ್ಕೆ ವಾಲಿತೋ ಅದರ ಎತ್ತರ ಬರುತ್ತದೆ. ಇದಕ್ಕೆ ಮದ್ದು ಚಿಕ್ಕಪ್ಪನ ಮಾತಲ್ಲೇ ಇತ್ತು. ಏರಿಯ ತಲೆ ಮಟ್ಟವಾಗಿರಲೇಬೇಕು, ತಗ್ಗಿದ್ದ ಕಡೆ ನೀರು ಮೇಲೆ ಹರಿದು ಏರಿ ಒಡೆಯುತ್ತದೆ. ಅಲ್ಲಿನ ಚುಕ್ಕಿಗಳನ್ನು ತೆಗೆದು ಏರಿಯ ಎರಡೂ ತುದಿಯನ್ನು ನೇರ ಸೇರಿಸಿದೆ. ತೆಂಗಿನ ತೋಟದ ನಡುವೆ ಹೋಗುವಾಗಲೂ ಒಂದು ಸುಳ್ಳು ಗುಡ್ಡ ಎದ್ದಿತ್ತು. ರೇಡಾರ್ ಅಲ್ಲಿ ನೆಲದ ಜೊತೆ ಗರಿಗಳನ್ನೂ ಅಳೆದಿರುತ್ತದೆ. ಅದನ್ನೂ ಹಾಗೇ ತೆಗೆದೆ. ಆಮೇಲೆ ಇಡೀ ದಾರಿಯಲ್ಲಿ 150 ಮೀಟರಿಗೆ ಅತಿ ಹೆಚ್ಚು ಏರು ಶೇ. 3.3.

ಆದರೂ ಲೋಡು ಕಳಿಸುವ ಮುಂಚೆ ನೆಲದ ಮೇಲೆ ನೋಡೋಣ ಎಂದು ಗಾರೆ ಕೆಲಸದವರ ಮಟ್ಟದ ಪೈಪು ತಂದೆವು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಯನ್ನು 10 ಮೀಟರ್ ದೂರ ಹಿಡಿದರೆ, ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲದಿಂದ ನೀರಿನ ಎತ್ತರ ಅಳೆದು ಕಳೆದರೆ ಏರು ಸಿಗುತ್ತದೆ. ದಿಣ್ಣೆಯ ಕಡಿದಾದ ಕಡೆ ಹತ್ತು ಸಲ ಹಿಡಿದೆವು. 100 ಮೀಟರಿಗೆ 6.4 ಮೀಟರ್ ಬಂತು, ಅಂದರೆ ಶೇ. 6.4. ನಕ್ಷೆಗೆ ಹತ್ತಿರವೇ.

ಕೆರೆ ದಾರಿಯಲ್ಲಿ ಮಾತ್ರ ನಕ್ಷೆ ನನಗೆ ಕೈಕೊಟ್ಟಿತ್ತು. ನಾಲೆಯ ಸೇತುವೆಗೆ ಹತ್ತುವಲ್ಲಿ ಮೊದಲ 10 ಮೀಟರಿಗೆ 85 ಸೆಂಟಿಮೀಟರ್, ಮುಂದಿನ ಹತ್ತಕ್ಕೆ 75. ಶೇ. 8ರ ಏರು. 20 ಮೀಟರಿನ ಈ ಗುಪ್ಪೆ 30 ಮೀಟರ್ ಚೌಕಕ್ಕೆ ಕಂಡೇ ಇಲ್ಲ. ಕಂಡಿದ್ದರೂ ನನ್ನ 150 ಮೀಟರಿನ ಲೆಕ್ಕ ಅದನ್ನು ಸವರಿಬಿಡುತ್ತಿತ್ತು. ಸುಳ್ಳು ಏರನ್ನು ಅಳಿಸುವ ಲೆಕ್ಕವೇ ನಿಜವಾದ ಗಿಡ್ಡ ಏರನ್ನೂ ಅಳಿಸುತ್ತದೆ.

ಚಿಕ್ಕಪ್ಪ ಸೇತುವೆ ಮೇಲೆ ನಿಂತು ಯೋಚಿಸಿ ಹೇಳಿದರು: "ಇಲ್ಲಿ ಹಿಂದೆ ಮಟ್ಟ ಐತೆ, ಓಟದಲ್ಲೇ ಹತ್ತಿಸ್ಬೋದು. ದಿಣ್ಣೇಲಿ ಓಟ ಎಲ್ಲಿಂದ ತರ್ಲಿ?"

ಈ ಸಲ ಲೋಡು ಏರಿ ಮೇಲೆ ಹೋಗುತ್ತಿದೆ. ಬರುವಾಗ ಖಾಲಿ ಗಾಡಿ ದಿಣ್ಣೆ ಇಳಿದು ಬರುತ್ತದೆ. ಸೇತುವೆ ಹತ್ತುವಾಗ ಟ್ರೈಲರಿನ ಹಿಂದೆ ಯಾರೂ ನಡೆಯಬಾರದು ಎಂಬುದು ಚಿಕ್ಕಮ್ಮನ ಕಟ್ಟಪ್ಪಣೆ.